ಇಂದಿನ ಚಿಂತನ: ಅಲಾರಾಂ ಹೇಳಿದ್ದು, ದೇಹ ಹೇಳಿದ್ದು



ಕಳೆದ ವಾರದ ಓದಿನಲ್ಲಿ ಕಾಯಾನುಪಶ್ಯನೆಯ ಭಾಗ ಬಂದಾಗ ಒಬ್ಬರು ಕೇಳಿದರು: "ಟೀಚರ್, ಬೆಳಿಗ್ಗೆ ಯೋಗ ಮಾಡುವಾಗ ಇದನ್ನು ಹೇಗೆ ಸೇರಿಸುವುದು? ಮೊಬೈಲಲ್ಲಿ ಅಲಾರಾಂ ಇಟ್ಟಿದ್ದೇನೆ, ವಾರಕ್ಕೊಂದು ಆಸನ ಜಾಸ್ತಿ ಮಾಡುತ್ತಿದ್ದೇನೆ." ಅದೇ ದಾರಿಯಲ್ಲಿ ಹೋಗಿ ನಾನು ಎಡವಿದ್ದುಂಟು. ಇಂದು ಅದನ್ನೇ ಬರೆಯುತ್ತೇನೆ.

ಹೋದ ವರ್ಷ ಜೂನ್ ತಿಂಗಳಲ್ಲಿ, ಶಾಲೆ ಶುರುವಾದ ವಾರ, ನಾನು ಮೊಬೈಲಿನಲ್ಲಿ ಏಳು ವಾರಗಳ ನೆನಪೋಲೆ ಒಟ್ಟಿಗೇ ತುಂಬಿಸಿಟ್ಟೆ. ಬೆಳಿಗ್ಗೆ 5.30ಕ್ಕೆ ಅಲಾರಾಂ, ಅದರ ಹೆಸರಿನ ಜಾಗದಲ್ಲಿ ಅಂದಿನ ಆಸನಗಳ ಪಟ್ಟಿ. ಮೊದಲ ವಾರ ತಾಡಾಸನದಲ್ಲಿ ಐದು ಉಸಿರು, ಸೂರ್ಯನಮಸ್ಕಾರ ಎರಡು ಸುತ್ತು, ಶವಾಸನ ಮೂರು ನಿಮಿಷ. ಒಟ್ಟು ಎಂಟು ನಿಮಿಷ. ಎರಡನೇ ವಾರ ಸೂರ್ಯನಮಸ್ಕಾರ ನಾಲ್ಕು ಸುತ್ತು. ಮೂರನೇ ವಾರ ತ್ರಿಕೋಣಾಸನ ಸೇರಿತು. ನಾಲ್ಕನೇ ವಾರ ಪಶ್ಚಿಮೋತ್ತಾನಾಸನ, ಅಂದರೆ ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವುದು. ಹೀಗೆ ವಾರಕ್ಕೆ ಎರಡು ನಿಮಿಷದಂತೆ ಏಳನೇ ವಾರಕ್ಕೆ ಇಪ್ಪತ್ತು ನಿಮಿಷ ಆಗಬೇಕಿತ್ತು. ಮುಗಿದ ಕೂಡಲೇ ಪುಸ್ತಕದಲ್ಲಿ ಒಂದು ಸಾಲು ಬರೆಯುವುದು ಎಂದೂ ನಿಯಮ ಮಾಡಿಕೊಂಡಿದ್ದೆ.

ಸಾಲುಗಳನ್ನು ಬರೆದೆ. ಮೊದಲ ಮೂರು ವಾರ ಹೆಚ್ಚುಕಡಿಮೆ ಎಲ್ಲ ದಿನವೂ ಒಂದೇ ಸಾಲು: "ಚೆನ್ನಾಗಿತ್ತು." ನಾಲ್ಕನೇ ವಾರದ ಸೋಮವಾರ: "ಬಲತೊಡೆಯ ಹಿಂದೆ ಎಳೆತ, ಮೂರನೇ ಉಸಿರಿಗೆ ಸಡಿಲ." ಗುರುವಾರ: "ಬಲಗಡೆ ಕೂರುವ ಎಲುಬಿನ ಹತ್ತಿರ ಚುಚ್ಚಿದ ಹಾಗೆ, ಎದ್ದ ಮೇಲೂ ಇತ್ತು." ಶುಕ್ರವಾರ, ಶನಿವಾರ ಅದೇ ಸಾಲು. ಭಾನುವಾರ ಕಳೆಯಿತು, ಸೋಮವಾರ ಅಲಾರಾಂ ಹೊಡೆಯಿತು, ಪಟ್ಟಿಯಲ್ಲಿ ಇನ್ನೊಂದು ಆಸನ ಸೇರಿತ್ತು. ಅದನ್ನೂ ಮಾಡಿದೆ.

ಆರನೇ ವಾರಕ್ಕೆ ಕುರ್ಚಿಯಲ್ಲಿ ಕುಳಿತು ಕಾಪಿ ತಿದ್ದುವುದು ಕಷ್ಟವಾಯಿತು. ಬಸ್ಸಿನಲ್ಲಿ ಒಂದು ಕಡೆಗೆ ವಾಲಿ ಕೂರಬೇಕಾಯಿತು. "ಬಿಗಿ ಇದೆ, ಇನ್ನೂ ಎಳೆದರೆ ಬಿಡುತ್ತದೆ" ಎಂದು ಭಾವಿಸಿ ಇನ್ನಷ್ಟು ಬಾಗಿದೆ. ಫಿಸಿಯೋಥೆರಪಿ ಮಾಡುವವರಿಗೆ ತೋರಿಸಿದಾಗ ವಿಷಯ ತಿಳಿಯಿತು. ತೊಡೆಯ ಹಿಂಭಾಗದ ಸ್ನಾಯುಗಳು ಮೇಲ್ತುದಿಯಲ್ಲಿ ಕೂರುವ ಎಲುಬಿಗೆ ಅಂಟಿಕೊಂಡಿರುತ್ತವೆ. ಆ ಅಂಟಿನ ಜಾಗಕ್ಕೆ ಪೆಟ್ಟಾಗಿತ್ತು. ಸ್ನಾಯುವಿನ ನಡುಭಾಗದ ಬಿಗಿ ನಿಧಾನವಾಗಿ ಎಳೆದರೆ ಸಡಿಲವಾಗಬಹುದು, ಆದರೆ ಎಲುಬಿಗೆ ಅಂಟಿದ ಜಾಗದ ನೋವು ಎಳೆದಷ್ಟೂ ಹೆಚ್ಚುತ್ತದೆ. ಅಲ್ಲಿ ಗುಣವಾಗುವುದೂ ನಿಧಾನ. ಕಾಲು ನೇರವಿಟ್ಟು ಬಾಗುವುದನ್ನು ಪೂರ್ತಿ ಬಿಟ್ಟು, ಅದರ ಬದಲು ಸೇತುಬಂಧಾಸನ ಮಾಡುತ್ತಾ ನನಗೆ ಸುಮಾರು ಹತ್ತು ವಾರ ಹಿಡಿಯಿತು.

ನಂತರ ಪುಸ್ತಕ ತೆರೆದು ನೋಡಿದೆ. ದೇಹ ನಾಲ್ಕನೇ ವಾರದ ಗುರುವಾರವೇ ಹೇಳಿತ್ತು. ನಾನೇ ನನ್ನ ಕೈಯಾರೆ ಬರೆದಿದ್ದೆ. ಓದಿರಲಿಲ್ಲ, ಅಷ್ಟೇ.

ನಮ್ಮ ರಾಜ್ಯದಲ್ಲೇ ಆಸನಗಳನ್ನು ಒಂದೊಂದಾಗಿ ಸೇರಿಸುವ ಒಂದು ಹಳೆಯ ಕ್ರಮವಿದೆ. ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಕಲಿಸುತ್ತಿದ್ದರು. 1941ರಲ್ಲಿ ಬಂದ ಅವರ ಕನ್ನಡ ಪುಸ್ತಕ 'ಯೋಗಾಸನಗಳು' ಆಸನಗಳನ್ನು ಸುಲಭದಿಂದ ಕಠಿಣಕ್ಕೆ ಮೂರು ಗುಂಪುಗಳಾಗಿ ಜೋಡಿಸಿದೆ. ಅವರ ಶಿಷ್ಯ ಪಟ್ಟಾಭಿ ಜೋಯಿಸರು ಮೈಸೂರಿನ ಲಕ್ಷ್ಮೀಪುರಂನಲ್ಲಿ ಅಷ್ಟಾಂಗ ಯೋಗ ಕಲಿಸಿದ ರೀತಿ ಇಂದು ಬೇರೆ ದೇಶಗಳಲ್ಲೂ 'ಮೈಸೂರು ಶೈಲಿ' ಎಂದೇ ಪರಿಚಿತ. ಅಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿದ್ದರೂ ಪ್ರತಿಯೊಬ್ಬರೂ ತಮ್ಮ ತಮ್ಮ ಉಸಿರಿನ ಲೆಕ್ಕದಲ್ಲಿ ಮಾಡುತ್ತಾರೆ. ಒಂದು ಆಸನ ನೆಲೆಗೊಂಡಿದೆ ಎಂದು ಗುರುವಿಗೆ ಕಂಡ ಮೇಲೆ ಮಾತ್ರ ಮುಂದಿನದು ಸಿಗುತ್ತದೆ. ಅಲ್ಲಿಯವರೆಗೆ ಅದೇ ಆಸನದಲ್ಲಿ ನಿಲ್ಲಬೇಕು, ಒಂದು ವಾರವಾದರೂ ಸರಿ, ಒಂದು ವರ್ಷವಾದರೂ ಸರಿ. ಅಮಾವಾಸ್ಯೆ, ಹುಣ್ಣಿಮೆಯ ದಿನ ರಜೆ.

ಅಂದರೆ ಸಾಲು ಉದ್ದವಾಗುವುದು ತಾರೀಕು ನೋಡಿ ಅಲ್ಲ, ದೇಹ ನೋಡಿ. ಮನೆಯಲ್ಲಿ ಒಬ್ಬರೇ ಮಾಡುವವರಿಗೆ ನೋಡುವ ಗುರು ಎದುರಿಗಿಲ್ಲ. ಅಲಾರಾಂಗೆ ಕಣ್ಣಿಲ್ಲ. ಆ ಕೆಲಸ ಮಾಡಬೇಕಾದ್ದು ನಾವು ಬರೆಯುವ ಒಂದು ಸಾಲು. ಹಾಗಾಗಿ ಅದು ಸರಿಯಾಗಿರಬೇಕು.

*ಸಾಲು ಹೇಗಿರಬೇಕು*

ಸಾಲಿನಲ್ಲಿ ಮೂರು ಸಂಗತಿ ಇದ್ದರೆ ಸಾಕು: ಎಲ್ಲಿ, ಯಾವ ತರಹ, ಎಷ್ಟು ಹೊತ್ತು. "ಚೆನ್ನಾಗಿತ್ತು" ಎನ್ನುವುದರಲ್ಲಿ ಈ ಮೂರೂ ಇಲ್ಲ. "ನನ್ನ ಕೈಲಿ ಆಗುವುದಿಲ್ಲ" ಎನ್ನುವುದರಲ್ಲೂ ಇಲ್ಲ. ಅದು ದೇಹದ ಸುದ್ದಿಯಲ್ಲ, ಮನಸ್ಸಿನ ತೀರ್ಪು. ನಾವು ಓದಿದ ಪಾಠದಲ್ಲೂ ಇರುವುದು ಇದೇ ಅಲ್ಲವೇ? ಉಸಿರು ಉದ್ದವಿದ್ದರೆ ಉದ್ದವೆಂದು, ಗಿಡ್ಡವಿದ್ದರೆ ಗಿಡ್ಡವೆಂದು ತಿಳಿಯುವುದು. ಮೊದಲು ತಿಳಿಯುವುದು, ಬದಲಾಯಿಸುವ ಮಾತು ಆಮೇಲೆ.

ಕನ್ನಡದಲ್ಲಿ ಇದಕ್ಕೆ ಪದಗಳ ಬಡತನವಿಲ್ಲ. ಬಿಗಿ, ಎಳೆತ, ಭಾರ, ಚುಚ್ಚು, ಉರಿ, ಜೋಮು: ಒಂದೊಂದೂ ಬೇರೆಯೇ. ಸ್ನಾಯುವಿನ ನಡುವೆ ಎಳೆತ ಬಂದು ನಾಲ್ಕೈದು ಉಸಿರಿನಲ್ಲಿ ಸಡಿಲವಾದರೆ ಸಾಮಾನ್ಯ. ಮಂಡಿ, ಭುಜ, ಕೂರುವ ಎಲುಬು ಇಂಥ ಕಡೆ ಚುಚ್ಚಿದರೆ ಆ ಆಸನ ಅಂದೇ ನಿಲ್ಲಬೇಕು. ಸೊಂಟದಿಂದ ಕಾಲಿಗೆ ಜೋಮು ಇಳಿದರೆ ಡಾಕ್ಟರಿಗೆ ತೋರಿಸಬೇಕು, ಆಸನ ಬದಲಿಸಿ ನೋಡುವ ಪ್ರಯೋಗ ಬೇಡ.

ಇನ್ನೊಂದು ಮಾತು. ಹೊಸ ಆಸನದ ಮೈಕೈ ನೋವು ಅದೇ ದಿನ ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮೊದಲ ದಿನದ ಸಾಲು ನೋಡಿ ಮುಂದೆ ಹೋಗಬಾರದು. ಒಂದು ವಾರದ ಸಾಲುಗಳನ್ನು ಒಟ್ಟಿಗೆ ಓದಬೇಕು.

*ಈಗ ನಾನು ಮಾಡುವುದು*

ಮುಂದಿನ ವಾರದ ಅಲಾರಾಂ ಈಗ ಮೊದಲೇ ತುಂಬಿಸಿಡುವುದಿಲ್ಲ. ಭಾನುವಾರ ಸಂಜೆ ಆ ವಾರದ ಸಾಲುಗಳನ್ನು ಓದುತ್ತೇನೆ. ನೋವಿನ ಮಾತು ಎಲ್ಲೂ ನಿಂತಿಲ್ಲ ಎಂದಾದರೆ ಒಂದೇ ಒಂದು ಸಂಗತಿ ಸೇರಿಸುತ್ತೇನೆ: ಒಂದು ಆಸನ, ಇಲ್ಲವೇ ಸೂರ್ಯನಮಸ್ಕಾರದ ಒಂದು ಸುತ್ತು. ಒಂದೇ ಜಾಗದ ಹೆಸರು ಮೂರು ಸಲ ಬಂದಿದ್ದರೆ ಪಟ್ಟಿ ಇದ್ದ ಹಾಗೇ ಇರುತ್ತದೆ. ಚುಚ್ಚು ಎಂಬ ಪದ ಒಮ್ಮೆ ಬಂದರೂ ಪಟ್ಟಿ ಒಂದು ಹೆಜ್ಜೆ ಹಿಂದೆ ಹೋಗುತ್ತದೆ. ಶವಾಸನದ ಮೂರು ನಿಮಿಷವನ್ನು ಮಾತ್ರ ಯಾವ ಕಾರಣಕ್ಕೂ ಕಡಿಮೆ ಮಾಡುವುದಿಲ್ಲ, ಏಕೆಂದರೆ ಬರೆಯುವ ಸಾಲು ಹುಟ್ಟುವುದೇ ಅಲ್ಲಿ.

ಒಂದು ವರ್ಷದ ಮೇಲೆ ನನ್ನ ಪಟ್ಟಿ ಹದಿನಾರು ನಿಮಿಷದಲ್ಲಿದೆ. ಏಳು ವಾರದಲ್ಲಿ ಇಪ್ಪತ್ತು ಎಂದು ಬರೆದಿದ್ದೆ. ಈ ಆಟಿ ತಿಂಗಳಲ್ಲಿ ಜಡಿಮಳೆಯ ಚಳಿಗೆ ಮೈ ಬಿಗಿಯಾಗಿ ಎರಡು ಸಲ ಹನ್ನೆರಡಕ್ಕೆ ಇಳಿದದ್ದೂ ಇದೆ. ಪಶ್ಚಿಮೋತ್ತಾನಾಸನ ಮತ್ತೆ ಸೇರಿದೆ, ಮಂಡಿಯ ಕೆಳಗೆ ಮಡಚಿದ ಬೈರಾಸು ಇಟ್ಟುಕೊಂಡು. ನಿನ್ನೆಯ ಸಾಲು ಹೀಗಿದೆ: "ಬಲತೊಡೆಯ ನಡುವೆ ಎಳೆತ, ನಾಲ್ಕನೇ ಉಸಿರಿಗೆ ಸಡಿಲ. ಎಲುಬಿನ ಹತ್ತಿರ ಏನಿಲ್ಲ."

ಕೇಳಿದವರಿಗೆ ನನ್ನ ಉತ್ತರ ಇಷ್ಟು: ಅಲಾರಾಂ ಇರಲಿ, ಅದು ಎಬ್ಬಿಸಲಿ. ಇಂದಿನ ಸಾಲು ಬರೆಯುವ ಮೊದಲು ನಿನ್ನೆಯದನ್ನು ಒಮ್ಮೆ ಓದಿ.

ಎಲ್ಲರಿಗೂ ಮಂಗಳವಾಗಲಿ. 🙏