ಟೈಲ್ಸ್ ಬಿಲ್ಲು ಮತ್ತು ನಾನು ಎರಡು ಸಲ ಬರೆದ ಇಮೇಲ್

ಕೋರದಲ್ಲಿ ನನ್ನ ಕಕ್ಷಿದಾರರೊಬ್ಬರ ಫ್ಯಾಬ್ರಿಕೇಷನ್ ವರ್ಕ್‌ಶಾಪ್ ಇದೆ. ವಸಂತನರಸಾಪುರದ ಕಾರ್ಖಾನೆಗಳಿಗೆ ಶೆಡ್ಡು, ಗೇಟು, ರ್‍ಯಾಕು ಮಾಡಿಕೊಡುತ್ತಾರೆ. ವಯಸ್ಸಿನಲ್ಲಿ ನನಗಿಂತ ಹಿರಿಯರು, ಹಾಗಾಗಿ ನನಗೆ ಅವರು ಅಣ್ಣ. ತುಮಕೂರಿನ ನನ್ನ ಆಫೀಸಿಗೆ ತಿಂಗಳಿಗೊಮ್ಮೆ ಬಿಲ್ಲುಗಳ ಕಟ್ಟು ಕಳಿಸುತ್ತಾರೆ, ನಾವು ಲೆಕ್ಕಕ್ಕೆ ಏರಿಸುತ್ತೇವೆ.

2024ರ ಏಪ್ರಿಲ್ ಮೊದಲ ವಾರ ವರ್ಷದ ಲೆಕ್ಕ ಮುಗಿಸುವಾಗ ರಿಪೇರಿ ಖಾತೆಯ ಮೇಲೆ ಕಣ್ಣು ನಿಂತಿತು. ಹಿಂದಿನ ವರ್ಷ 38,000 ಇದ್ದದ್ದು ಈ ವರ್ಷ ಎರಡೂವರೆ ಲಕ್ಷದ ಹತ್ತಿರ ಬಂದಿತ್ತು. ತೆಗೆದು ನೋಡಿದರೆ ಫೆಬ್ರವರಿಯ ಒಂದೇ ಬಿಲ್ಲು: ನೆಲದ ಟೈಲ್ಸ್ 2,00,000, ಅದರ ಮೇಲೆ ಜಿಎಸ್‌ಟಿ 36,000, ಒಟ್ಟು 2,36,000. ಬಿಲ್ಲು ವರ್ಕ್‌ಶಾಪಿನ ಹೆಸರಲ್ಲಿ, ದುಡ್ಡು ವರ್ಕ್‌ಶಾಪಿನ ಕರೆಂಟ್ ಅಕೌಂಟಿನಿಂದ. ನಮ್ಮ ಆಫೀಸಿನ ಹುಡುಗ ಅದನ್ನು ರಿಪೇರಿ ಎಂದು ಬರೆದು, 36,000 ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ಟಾಗಿಯೂ ತೆಗೆದುಕೊಂಡಿದ್ದ. ಅವನನ್ನು ಬೈಯುವಂತಿರಲಿಲ್ಲ. ಮಾರಿದವರು ಅಣ್ಣನ ಜಿಎಸ್‌ಟಿ ನಂಬರು ಹಾಕಿದ್ದರಿಂದ ಆ ಕ್ರೆಡಿಟ್ಟು ಪೋರ್ಟಲ್ಲಿನ GSTR-2Bಯಲ್ಲಿ ತಾನಾಗಿಯೇ ಬಂದು ಕೂತಿತ್ತು. ಅಲ್ಲಿ ಕಂಡದ್ದೆಲ್ಲ ನಮಗೆ ಸಲ್ಲುತ್ತದೆ ಎಂದುಕೊಳ್ಳುವುದು ನಮ್ಮ ಕೆಲಸದಲ್ಲಿ ದಿನವೂ ಆಗುವ ತಪ್ಪು.

ಸತ್ಯ ಗೊತ್ತಾಗಿದ್ದು ಬಿಲ್ಲಿನ ಹಿಂದೆ ಪಿನ್ ಹಾಕಿದ್ದ ಇ-ವೇ ಬಿಲ್ಲಿನಿಂದ. ಸಾಮಾನು ಇಳಿಸುವ ಜಾಗ ಎಂದು ಅದರಲ್ಲಿ ಇದ್ದದ್ದು ವರ್ಕ್‌ಶಾಪಲ್ಲ, ಅಣ್ಣನ ಊರು. ಅಲ್ಲಿ ಹೊಸ ಮನೆ ಕಟ್ಟುತ್ತಿದ್ದರು. ವರ್ಕ್‌ಶಾಪಿನ ನೆಲವೋ, ವೆಲ್ಡಿಂಗ್ ಕಿಡಿ ಬಿದ್ದು ಕರೀಗಾದ ಕಾಂಕ್ರೀಟು.

ನಾನು ನಮೂದು ತಿದ್ದಿದೆ. ಡ್ರಾಯಿಂಗ್ಸ್ ಖಾತೆಗೆ 2,36,000 ಖರ್ಚು ಬರೆದೆ. ಎದುರಿಗೆ ರಿಪೇರಿ ಖಾತೆಯಿಂದ 2,00,000, ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಇನ್‌ಪುಟ್ ಖಾತೆಗಳಿಂದ ತಲಾ 18,000 ತೆಗೆದೆ. ಮಾರ್ಚಿ ತಿಂಗಳ GSTR-3B ಇನ್ನೂ ಕೊಟ್ಟಿರಲಿಲ್ಲ, ಅದರ 4(B)(1)ರಲ್ಲಿ ಕ್ರೆಡಿಟ್ಟನ್ನು ವಾಪಸ್ ತೋರಿಸಿದೆ. ನಡುವಿನ ದಿನಗಳಲ್ಲಿ ಕ್ರೆಡಿಟ್ ಲೆಡ್ಜರಿನ ಬಾಕಿ ಈ ಮೊತ್ತಕ್ಕಿಂತ ಕೆಳಗೆ ಇಳಿದಿರಲಿಲ್ಲ. ಅಂದರೆ ತಪ್ಪಾಗಿ ಪಡೆದದ್ದನ್ನು ಬಳಸಿರಲಿಲ್ಲ, ಅದರಿಂದ ಬಡ್ಡಿ ಬೀಳಲಿಲ್ಲ. ಬಳಸಿಬಿಟ್ಟಿದ್ದರೆ ವರ್ಷಕ್ಕೆ ನೂರಕ್ಕೆ 18ರ ಲೆಕ್ಕದಲ್ಲಿ ಕಟ್ಟಬೇಕಿತ್ತು.

ಇಷ್ಟೆಲ್ಲ ಸರಿ ಮಾಡಿ ಅಣ್ಣನಿಗೆ ಕಳಿಸಿದ ಇಮೇಲ್ ಮಾತ್ರ ಕೆಟ್ಟದಾಗಿತ್ತು. ಎರಡೇ ಸಾಲು: ‘ಆದಾಯ ತೆರಿಗೆ ಕಾಯ್ದೆ ಸೆಕ್ಷನ್ 37(1) ಮತ್ತು ಜಿಎಸ್‌ಟಿ ಸೆಕ್ಷನ್ 17(5) ಪ್ರಕಾರ ಸದರಿ ವೆಚ್ಚವನ್ನು ಒಪ್ಪಲು ಬರುವುದಿಲ್ಲ. ಡ್ರಾಯಿಂಗ್ಸ್‌ಗೆ ಹಾಕಲಾಗಿದೆ.’

ಹತ್ತು ನಿಮಿಷದಲ್ಲಿ ಫೋನು ಬಂತು. ‘ಏನಪ್ಪಾ, ನನ್ನ ದುಡ್ಡು ನಾನು ತಗೊಂಡ್ರೆ ಒಪ್ಪಲ್ಲ ಅಂತೀಯಲ್ಲ? ನಾನೇನು ಕದ್ದಿದೀನಾ?’

ಅವರು ನೊಂದಿದ್ದರು. ಮೂವತ್ತು ವರ್ಷ ದುಡಿದು ಕಟ್ಟುತ್ತಿರುವ ಮನೆಯ ನೆಲದ ಬಗ್ಗೆ ನಾನು ನೋಟಿಸಿನ ಭಾಷೆಯಲ್ಲಿ ಬರೆದಿದ್ದೆ. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಹೇಳಿದ ಕ್ರಮದಲ್ಲಿತ್ತು. ಅವತ್ತು ಸಂಜೆ ಮತ್ತೆ ಬರೆದೆ. ಅದರ ಪ್ರತಿ ಇಂದಿಗೂ ನನ್ನ ಬಳಿ ಇದೆ:

‘ಅಣ್ಣಾ, ನಮಸ್ಕಾರ. ಬೆಳಗ್ಗೆಯ ಪತ್ರ ಸರಿಯಿರಲಿಲ್ಲ, ಬೇಸರ ಮಾಡ್ಕೋಬೇಡಿ. ದುಡ್ಡು ನಿಮ್ಮದೇ, ಅದನ್ನು ಮನೆಗೆ ಬಳಸಿದ್ದರಲ್ಲಿ ಒಂದು ತಪ್ಪೂ ಇಲ್ಲ. ಮನೆಯ ಟೈಲ್ಸನ್ನು ವರ್ಕ್‌ಶಾಪಿನ ಖರ್ಚು ಅಂತ ಬರೆದಿದ್ದಷ್ಟೇ ತಪ್ಪು, ಅದು ನಮ್ಮ ಆಫೀಸಿನಲ್ಲಿ ಆಗಿದ್ದು.

ಲೆಕ್ಕದಲ್ಲಿ ನೀವು ಬೇರೆ, ವರ್ಕ್‌ಶಾಪು ಬೇರೆ. ನೀವು ಅದಕ್ಕೆ ಹಾಕಿದ ದುಡ್ಡು, ಅದು ಗಳಿಸಿಕೊಟ್ಟ ಲಾಭ, ಎರಡೂ ನಿಮ್ಮ ಬಂಡವಾಳದ ಖಾತೆಯಲ್ಲಿ ಜಮೆ ಇರುತ್ತವೆ. ಅದರಲ್ಲಿ ಮನೆಗೆ ತೆಗೆದುಕೊಂಡದ್ದನ್ನು ಡ್ರಾಯಿಂಗ್ಸ್ ಅನ್ನುತ್ತೇವೆ. ವರ್ಷದ ಶುರುವಿನಲ್ಲಿ ನಿಮ್ಮ ಬಂಡವಾಳ 14,00,000 ಇತ್ತು. ಈ ವರ್ಷದ ಲಾಭ 9,40,000. ತಿಂಗಳಿಗೆ 30,000ದಂತೆ ಮನೆಗೆ ತೆಗೆದದ್ದು 3,60,000, ಟೈಲ್ಸ್ 2,36,000. ಇವೆರಡನ್ನೂ ಕಳೆದರೆ ಈಗ ನಿಮ್ಮ ಬಂಡವಾಳ 17,44,000.

ಖರ್ಚು ಅಂತ ಬಿಟ್ಟಿದ್ದರೆ ಲಾಭ 7,40,000ಕ್ಕೆ ಇಳಿಯುತ್ತಿತ್ತು. ನೀವು ಹಳೇ ತೆರಿಗೆ ಪದ್ಧತಿಯಲ್ಲಿ 20 ಪರ್ಸೆಂಟಿನ ಹಂತದಲ್ಲಿದ್ದೀರಿ, ಸೆಸ್ ಸೇರಿ 41,600 ಆದಾಯ ತೆರಿಗೆ ಉಳಿದಂತೆ ಕಾಣುತ್ತಿತ್ತು. ಜಿಎಸ್‌ಟಿ 36,000 ಬೇರೆ. ಆದರೆ ಟೈಲ್ಸ್ ಎಲ್ಲಿ ಇಳಿಯಿತು ಅಂತ ಇ-ವೇ ಬಿಲ್ಲೇ ಹೇಳುತ್ತದೆ. ತಪ್ಪು ಮಾಹಿತಿ ಕೊಟ್ಟಿದ್ದಾರೆ ಅಂತ ತೀರ್ಮಾನವಾದರೆ ಉಳಿಸಿದ ತೆರಿಗೆಯ ಜೊತೆ ಅದರ ಎರಡರಷ್ಟು ದಂಡ, ಅಂದರೆ 83,200.

ಇನ್ನೊಂದು ಮಾತು. ಓಡಿ ಲಿಮಿಟ್ಟು ಹೆಚ್ಚಿಸಿ ಅಂತ ಬ್ಯಾಂಕಿಗೆ ಕೇಳಿದ್ದೀರಿ. ಅವರು ಮೊದಲು ನೋಡೋದು ಲಾಭವನ್ನು. ದುಡಿದ ಲಾಭವನ್ನು ನಾವೇ ಕಡಿಮೆ ತೋರಿಸಿ ಆಮೇಲೆ ಸಾಲ ಕೇಳೋದು ಹೇಗೆ? ಹಾಗಂತ ಡ್ರಾಯಿಂಗ್ಸ್ ಜಾಸ್ತಿಯಾದರೂ ಅವರು ಕೇಳುತ್ತಾರೆ. ಮನೆ ಕಟ್ಟಿದೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ.’

ಎರಡನೆಯ ಪತ್ರದಲ್ಲಿ ನಾನು ಒಂದು ಸೆಕ್ಷನ್ನನ್ನೂ ಹೆಸರಿಸಲಿಲ್ಲ. ಕಾಯ್ದೆಯ ತಿರುಳು ಹೇಗೂ ಅದರಲ್ಲಿತ್ತು: ವ್ಯಾಪಾರಕ್ಕಾಗಿಯೇ ಪೂರ್ತಿ ಆದ ಖರ್ಚನ್ನು ಮಾತ್ರ ಲಾಭದಿಂದ ಕಳೆಯಬಹುದು, ಸ್ವಂತದ್ದನ್ನು ಕಳೆಯುವಂತಿಲ್ಲ. ಬಿಲ್ಲು ಯಾರ ಹೆಸರಲ್ಲಿದೆ, ಯಾವ ಖಾತೆಯಿಂದ ದುಡ್ಡು ಹೋಯಿತು ಎನ್ನುವುದರಿಂದ ಅದು ನಿರ್ಧಾರವಾಗುವುದಿಲ್ಲ. ಸಾಮಾನು ಯಾರಿಗೆ ಬಳಕೆಯಾಯಿತು ಎನ್ನುವುದೇ ಪ್ರಶ್ನೆ.

ಅಣ್ಣ ಮಾರನೆಯ ದಿನ ಆಫೀಸಿಗೇ ಬಂದರು. ಪತ್ರವನ್ನು ಮಗಳ ಕೈಲಿ ಓದಿಸಿದ್ದರಂತೆ. ‘ಸರಿ, ಹಂಗಾದ್ರೆ ಬೊಲೆರೊ ಡೀಸೆಲ್ಲೂ ತೆಗೆದುಬಿಡ್ತೀಯಾ?’ ಎಂದರು. ಅದು ನ್ಯಾಯವಾದ ಪ್ರಶ್ನೆ. ಬೊಲೆರೊದಲ್ಲಿ ವಾರಪೂರ್ತಿ ಕಬ್ಬಿಣದ ಸಾಮಾನು, ಕೆಲಸದವರು. ಭಾನುವಾರ ಮನೆಯವರೊಂದಿಗೆ ಸಿದ್ಧಗಂಗೆಗೆ, ನೆಂಟರ ಮನೆಗೆ. ಇಂಥ ಖರ್ಚನ್ನು ಪೂರ್ತಿ ಡ್ರಾಯಿಂಗ್ಸ್‌ಗೆ ಹಾಕುವುದೂ ತಪ್ಪು, ಪೂರ್ತಿ ವ್ಯಾಪಾರಕ್ಕೆ ಹಾಕುವುದೂ ತಪ್ಪು. ಬಳಕೆಯ ಪ್ರಮಾಣದಲ್ಲಿ ಹಂಚಬೇಕು. ಎರಡು ತಿಂಗಳು ಓಡಾಟವನ್ನು ಡೈರಿಯಲ್ಲಿ ಬರೆದಿಡಿ, ಆ ಪ್ರಮಾಣವನ್ನೇ ಆಧಾರ ಮಾಡಿಕೊಳ್ಳೋಣ ಎಂದೆ. ಬರೆದಿಟ್ಟರು. ನೂರಕ್ಕೆ ಇಪ್ಪತ್ತರಷ್ಟು ಮನೆಯದೆಂದು ಬಂತು.

ಆವತ್ತಿನಿಂದ ಆಫೀಸಿನಲ್ಲಿ ಒಂದು ಪದ್ಧತಿ ಬದಲಾಯಿಸಿದೆ. ಕಟ್ಟು ಬಂದ ತಿಂಗಳಲ್ಲೇ ಅನುಮಾನದ ಬಿಲ್ಲುಗಳನ್ನು ಬೇರೆ ತೆಗೆದು, ‘ಅಣ್ಣಾ, ಇದು ಮನೆಗೋ ವರ್ಕ್‌ಶಾಪಿಗೋ?’ ಎಂದು ಫೋನಿನಲ್ಲಿ ಕೇಳಿಯೇ ಬರೆಯುತ್ತೇವೆ. ವರ್ಷದ ಕೊನೆಗೆ ಕೇಳಿದರೆ ಅದು ಆರೋಪದ ಹಾಗೆ ಕೇಳಿಸುತ್ತದೆ.

ವರ್ಕ್‌ಶಾಪು, ಅಂಗಡಿ, ಗೋಡೌನು ನಡೆಸುವವರಲ್ಲಿ ನನ್ನದೊಂದು ವಿನಂತಿ. ಮನೆಗೆ ಟೈಲ್ಸೋ ಫ್ರಿಜ್ಜೋ ಕೊಳ್ಳುವಾಗ ಬಿಲ್ಲಿಗೆ ವ್ಯಾಪಾರದ ಜಿಎಸ್‌ಟಿ ನಂಬರು ಕೊಡಬೇಡಿ, ನಿಮ್ಮ ಹೆಸರಲ್ಲೇ ಬರೆಸಿ. ದುಡ್ಡನ್ನು ಮೊದಲು ನಿಮ್ಮ ಸೇವಿಂಗ್ಸ್ ಖಾತೆಗೆ ಹಾಕಿಕೊಂಡು ಅಲ್ಲಿಂದ ಕೊಡಿ.