ಅಕ್ಷರ ದೊಡ್ಡದು ಮಾಡಿದರಷ್ಟೇ ಸಾಲದು

ಎಂಟನೇ ತರಗತಿಯ ಸಮಾಜ ವಿಜ್ಞಾನ ಕಿರುಪರೀಕ್ಷೆ ಎಂದಿಟ್ಟುಕೊಳ್ಳಿ: 40 ಅಂಕ, ಒಂದೂವರೆ ಗಂಟೆ. ತರಗತಿಯಲ್ಲಿ ಒಬ್ಬಳಿಗೆ ದೃಷ್ಟಿ ಮಂದ, ಇನ್ನೊಬ್ಬನಿಗೆ ಡಿಸ್ಲೆಕ್ಸಿಯಾ. ಇಬ್ಬರಿಗೂ ಸೇರಿಸಿ ಒಂದೇ ‘ವಿಶೇಷ ಪತ್ರಿಕೆ’ ಮಾಡುವುದು ಮೊದಲ ತಪ್ಪು. ಆಕೆಗೆ ಅಕ್ಷರ ಕಾಣುವುದು ಕಷ್ಟ. ಅವನಿಗೆ ಕಂಡ ಅಕ್ಷರವನ್ನು ಓದುವುದು ಕಷ್ಟ.

ಆಕೆಯಿಂದ ಶುರು ಮಾಡೋಣ. ಪರೀಕ್ಷೆಗೆ ವಾರ ಮೊದಲೇ ಸಮಾನ ಕಷ್ಟದ ಮೂರು ಪ್ಯಾರಾಗಳನ್ನು 14, 18, 24 ಪಾಯಿಂಟ್‌ನಲ್ಲಿ ಮುದ್ರಿಸಿ, ಗಟ್ಟಿಯಾಗಿ ಓದಿಸಿ, ಗಡಿಯಾರ ನೋಡಿಕೊಳ್ಳಿ. 14ರಿಂದ 18ಕ್ಕೆ ಓದಿನ ವೇಗ ಹೆಚ್ಚಿ, 24ರಲ್ಲೂ ಅಷ್ಟೇ ಉಳಿದರೆ 18 ಸಾಕು. ಅನಗತ್ಯವಾಗಿ ಹಿಗ್ಗಿಸಿದರೆ ಸಾಲಿಗೆ ಎರಡೇ ಪದ ಹಿಡಿದು ಓದು ಮತ್ತೆ ನಿಧಾನವಾಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಯನ್ನು ಎ3ಗೆ ಹಿಗ್ಗಿಸುವುದು ಸುಲಭ, ಆದರೆ 12 ಪಾಯಿಂಟ್ ಸುಮಾರು 17 ಆಗುತ್ತದೆ ಅಷ್ಟೇ. ಮಸುಕು ಮಸುಕಾಗಿಯೇ ಉಳಿಯುತ್ತದೆ, ಹಾಳೆ ಡೆಸ್ಕಿನಿಂದ ಹೊರಗೆ ಚಾಚುತ್ತದೆ. ಕಂಪ್ಯೂಟರಿನಲ್ಲೇ ಅಕ್ಷರದ ಗಾತ್ರ ಬದಲಿಸಿ ಮತ್ತೆ ಮುದ್ರಿಸಿ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುವುದರಿಂದ ಸಾಲಿನ ಅಂತರ ಒಂದೂವರೆಯಾದರೂ ಇರಲಿ. ಎಲ್ಲವನ್ನೂ ಬೋಲ್ಡ್ ಮಾಡಬೇಡಿ, ಅಕ್ಷರದ ಒಳಸುಳಿ ಮುಚ್ಚಿಹೋಗುತ್ತದೆ. ಭೂಪಟಕ್ಕೆ ಪ್ರತ್ಯೇಕ ಹಾಳೆ ಕೊಡಿ. ಗಡಿರೇಖೆ ದಪ್ಪವಿರಲಿ, ಕೇಳದ ನದಿಗಳನ್ನು ಅಳಿಸಿ.

ಅವನಿಗೆ ಗಾತ್ರಕ್ಕಿಂತ ಜೋಡಣೆ ಮುಖ್ಯ. ‘ಹೊಂದಿಸಿ ಬರೆಯಿರಿ’ ಪಟ್ಟಿ ಎರಡು ಪುಟಕ್ಕೆ ಹರಿಯಬಾರದು. ‘ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ ಎಂಬುದನ್ನು ಗುರುತಿಸಿ ಕಾರಣ ನೀಡಿ’ ಎಂಬುದನ್ನು ‘ತಪ್ಪಾದುದನ್ನು ಗುರುತಿಸಿ. ಕಾರಣ ಬರೆಯಿರಿ’ ಎಂದು ಎರಡಾಗಿ ಒಡೆಯಿರಿ. ಪ್ರಶ್ನೆಯ ಕಷ್ಟ ಮಾತ್ರ ಇಳಿಯಬಾರದು. ಇತಿಹಾಸದ ಪ್ರಶ್ನೆಯನ್ನು ಓದಿ ಹೇಳಿದರೆ ತೊಂದರೆಯಿಲ್ಲ, ಅಲ್ಲಿ ಅಳೆಯುತ್ತಿರುವುದು ಇತಿಹಾಸ. ಕನ್ನಡ ಪತ್ರಿಕೆಯಲ್ಲಿ ಓದುವ ಸಾಮರ್ಥ್ಯವನ್ನೇ ಅಳೆಯುವ ಗದ್ಯಭಾಗವನ್ನು ಓದಿ ಹೇಳಿದರೆ ಅಳತೆಯೇ ಹೋಯಿತು.

ಇನ್ನು ಸಮಯ. 2018ರ ಕೇಂದ್ರದ ಮಾರ್ಗಸೂಚಿಯಲ್ಲಿ ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷಕ್ಕಿಂತ ಕಡಿಮೆಯಿರಬಾರದು ಎಂದಿತ್ತು. ಆ ಲೆಕ್ಕದಲ್ಲಿ ಒಂದೂವರೆ ಗಂಟೆಗೆ 30 ನಿಮಿಷ. ಶಾಲೆಯ ಕಿರುಪರೀಕ್ಷೆಗೂ ಇದನ್ನೇ ಆರಂಭದ ಅಳತೆಯಾಗಿ ಇಟ್ಟುಕೊಳ್ಳಬಹುದು. ಅಷ್ಟು ಸಾಕೇ ಎಂದು ತಿಳಿಯಲು ಹಳೆಯ ಉಪಾಯವೊಂದಿದೆ: 90 ನಿಮಿಷ ಮುಗಿದ ಕೂಡಲೇ ಪೆನ್ನಿನ ಬಣ್ಣ ಬದಲಿಸಿ. ನೀಲಿಯಲ್ಲಿ 22 ಅಂಕ, ಹಸಿರಿನಲ್ಲಿ 9 ಅಂಕ ಬಂದರೆ ಆ ಸಮಯ ನಿಜಕ್ಕೂ ಬೇಕಿತ್ತು. ಹಸಿರು ಏನೂ ಇಲ್ಲದೆ ಪ್ರಶ್ನೆಗಳು ಖಾಲಿ ಉಳಿದಿದ್ದರೆ ಅವನ್ನೇ ಮರುದಿನ ಬಾಯಲ್ಲಿ ಕೇಳಿ. ಉತ್ತರ ಬಂದರೆ ತೊಡಕು ಓದಿನದೋ ಬರವಣಿಗೆಯದೋ. ಅಲ್ಲಿ ಬೇಕಾದದ್ದು ಇನ್ನಷ್ಟು ನಿಮಿಷವಲ್ಲ, ಪ್ರಶ್ನೆ ಓದಿ ಹೇಳುವವರು ಅಥವಾ ಲಿಪಿಕಾರರು. ಬಾಯಲ್ಲೂ ಬಾರದಿದ್ದರೆ ಪಾಠವೇ ಬಾಕಿ.

ಅಂದಹಾಗೆ, ಆ 30 ನಿಮಿಷ ಊಟದ ಗಂಟೆಯೊಳಗೆ ಬೀಳದಂತೆ ಇಬ್ಬರನ್ನೂ ಬೇರೆ ಕೋಣೆಯಲ್ಲಿ ಅರ್ಧ ಗಂಟೆ ಮೊದಲೇ ಕೂರಿಸಿ.