ಫ್ರೆಂಚಿನ ನಾಲ್ಕು ಅನಿಯಮಿತ ಕ್ರಿಯಾಪದಗಳು

ಕನ್ನಡದ 'ಬರು' ಧಾತು 'ಬಂದನು' ಎಂದೂ 'ಬಾ' ಎಂದೂ ರೂಪಾಂತರ ಹೊಂದಿದರೂ ಅದು ಒಂದೇ ಧಾತು. ಮರಾಠಿಯ 'ಜಾತೋ' (ಹೋಗುತ್ತಾನೆ), 'ಗೇಲಾ' (ಹೋದನು) ಎಂಬ ರೂಪಗಳ ಬಗೆ ಬೇರೆ. ಅಲ್ಲಿ ಸಂಸ್ಕೃತದ 'ಯಾ', 'ಗಮ್' ಎಂಬ ಎರಡು ಧಾತುಗಳು ಒಂದೇ ಕ್ರಿಯೆಯನ್ನು ಹಂಚಿಕೊಂಡಿವೆ. ಈ ಎರಡು ಬಗೆಯ ಅನಿಯಮವೂ ಫ್ರೆಂಚಿನಲ್ಲಿದೆ.

ಹೋಗು ಎಂಬರ್ಥದ 'ಅಲೇ' ಮರಾಠಿಯ ದಾರಿ ಹಿಡಿದಿದೆ. ವರ್ತಮಾನದಲ್ಲಿ ನಾನು, ನೀನು, ಅವನು, ನಾವು, ನೀವು, ಅವರು ಎಂಬ ಕ್ರಮದಲ್ಲಿ ಅದರ ರೂಪಗಳು: ವೆ, ವಾ, ವಾ, ಅಲೋಂ, ಅಲೇ, ವೋಂ. ವಕಾರದ ರೂಪಗಳು ಲ್ಯಾಟಿನ್ನಿನ 'ವಾದೆರೆ'ಯಿಂದ ಬಂದವು. 'ಹೋಗುವನು' ಎಂಬ ಭವಿಷ್ಯದ 'ಇರಾ'ದಲ್ಲಿ 'ಇರೆ' ಎಂಬ ಇನ್ನೊಂದು ಧಾತುವಿದೆ. 'ಅಲೇ'ಯ ಮೂಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಇಲ್ಲಿ ಸೊನ್ನೆಯನ್ನು 'ಮ್' ಎಂದು ಉಚ್ಚರಿಸಲಾಗದು. ತುಟಿ ಮುಚ್ಚದೆ ಸ್ವರವನ್ನೇ ಮೂಗಿನಿಂದ ನುಡಿಯಬೇಕು.

ಬರು ಎಂಬರ್ಥದ 'ವನೀರ್' ನಮ್ಮ 'ಬರು'ವಿನಂತೆ ಒಂದೇ ಧಾತುವಿನದು: ವ್ಯಾಂ, ವ್ಯಾಂ, ವ್ಯಾಂ, ವನೋಂ, ವನೇ, ವ್ಯೆನ್. 'ನಾವು', 'ನೀವು' ರೂಪಗಳಲ್ಲಿ ಮೂಲದ 'ವನ್' ಉಳಿದು, ಉಳಿದ ನಾಲ್ಕರಲ್ಲಿ ಸ್ವರ ಬದಲಾಗಿದೆ. ಲ್ಯಾಟಿನ್ನಿನಲ್ಲಿ ಆ ನಾಲ್ಕರ ಒತ್ತು ಧಾತುವಿನ ಮೇಲೆ ಬೀಳುತ್ತಿತ್ತು. ಒತ್ತು ಬಿದ್ದ ಎಕಾರ 'ಇಎ' ಎಂದು ಒಡೆಯಿತು. 'ನಾವು', 'ನೀವು' ರೂಪಗಳಲ್ಲಿ ಒತ್ತು ಪ್ರತ್ಯಯಕ್ಕೆ ಸರಿದುದರಿಂದ ಧಾತು ಹಾಗೆಯೇ ಉಳಿಯಿತು.

ತೆಗೆದುಕೊಳ್ಳು ಎಂಬರ್ಥದ 'ಪ್ರಾಂದ್ರ್' ಬಹುವಚನದಲ್ಲಿ 'ವನೀರ್'ಗೆ ಪ್ರಾಸವಾಗುತ್ತದೆ: ಪ್ರಾಂ, ಪ್ರಾಂ, ಪ್ರಾಂ, ಪ್ರನೋಂ, ಪ್ರನೇ, ಪ್ರೆನ್. ವನೋಂ–ಪ್ರನೋಂ, ವನೇ–ಪ್ರನೇ, ವ್ಯೆನ್–ಪ್ರೆನ್ ಎಂದು ಜೋಡಿಯಾಗಿಯೇ ಇವನ್ನು ಬಾಯಿಪಾಠ ಮಾಡುವುದು ಲೇಸು. ಕಲಿಯುವವರು ಎಡವುವುದು ದಕಾರದಲ್ಲಿ. ಮಾರು ಎಂಬರ್ಥದ ನಿಯಮಿತ 'ವಾಂದ್ರ್'ಗೆ 'ವಾಂದೋಂ' ಇರುವುದನ್ನು ಕಂಡು 'ಪ್ರಾಂದೋಂ' ಎನ್ನುತ್ತಾರೆ; ಅಂಥ ರೂಪವಿಲ್ಲ. ಕಲಿ ಎಂಬರ್ಥದ 'ಆಪ್ರಾಂದ್ರ್' ಇದೇ ಅಚ್ಚಿನದು. 'ಅವನು ಕಲಿಯುತ್ತಾನೆ' ಎನ್ನಲು ಆಪ್ರಾಂ, 'ಅವರು ಕಲಿಯುತ್ತಾರೆ' ಎನ್ನಲು ಆಪ್ರೆನ್. ಫ್ರೆಂಚಿನಲ್ಲಿ 'ಅವನು', 'ಅವರು' ಎಂಬ ಸರ್ವನಾಮಗಳೆರಡೂ ವ್ಯಂಜನದ ಮುಂದೆ 'ಇಲ್' ಎಂದೇ ಕೇಳುತ್ತವೆ. ಆದುದರಿಂದ 'ಇಲ್ ಪ್ರಾಂ', 'ಇಲ್ ಪ್ರೆನ್' ಎಂಬಲ್ಲಿ ವಚನವನ್ನು ತಿಳಿಸುವುದು ಕ್ರಿಯಾಪದದ ಸ್ವರ ಮತ್ತು ಕೊನೆಯ ನಕಾರ.

ಮಾಡು ಎಂಬರ್ಥದ 'ಫೇರ್' ಹೀಗಿದೆ: ಫೆ, ಫೆ, ಫೆ, ಫಜ಼ೋಂ, ಫೆತ್, ಫೋಂ. 'ಫಜ಼ೋಂ' ಎಂಬುದರ ಬರಹದಲ್ಲಿ 'ಫೆ'ಯ ಅಕ್ಷರಗಳೇ ಇದ್ದರೂ ಸ್ವರ ಕ್ಷೀಣವಾಗಿ ಅಕಾರದ ಹತ್ತಿರ ಬರುತ್ತದೆ. 'ನೀವು' ರೂಪವನ್ನು ಸಾಮಾನ್ಯ ನಿಯಮದಂತೆ 'ಫಜ಼ೇ' ಎನ್ನುವುದು ತಪ್ಪು. ವರ್ತಮಾನದಲ್ಲಿ ಇದರಂತೆ 'ತ್' ಅಂತ್ಯವುಳ್ಳ 'ನೀವು' ರೂಪಗಳು ಇನ್ನೆರಡು: 'ಇದ್ದೀರಿ' ಎಂಬ ಎತ್, 'ಹೇಳುತ್ತೀರಿ' ಎಂಬ ದಿತ್. ಹಾಗೆಯೇ 'ಅವರು' ರೂಪದಲ್ಲಿ ವೋಂ, ಫೋಂ ಎಂಬವುಗಳ ಜೊತೆಗೆ 'ಇದ್ದಾರೆ' ಎಂಬ ಸೋಂ, 'ಹೊಂದಿದ್ದಾರೆ' ಎಂಬ ಓಂ ಸೇರಿದರೆ ಆ ಪ್ರಾಸದ ಗುಂಪು ಪೂರ್ತಿಯಾಗುತ್ತದೆ.